ಫೋಟೊದಲ್ಲಿ ಕಂಡ ಆಪೂಸು: ಮೊದಲು ಹೆಗಲು ನೋಡಿ, ಬಣ್ಣ ಆಮೇಲೆ

ಏಪ್ರಿಲ್ ಮುಗಿಯುತ್ತ ಬಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಮಾವಿನ ಫೋಟೊಗಳ ಸುಗ್ಗಿ. ಕಿತ್ತೂರು, ಖಾನಾಪುರ ಕಡೆಯ ತೋಟದವರು ಕಳಿಸುತ್ತಾರೆ, ಧಾರವಾಡದ ಆಪೂಸು ತಂದು ಮಾರುವವರು ಕಳಿಸುತ್ತಾರೆ, ರತ್ನಾಗಿರಿಯಿಂದ ಪೆಟ್ಟಿಗೆ ತರಿಸುವವರೂ ಕಳಿಸುತ್ತಾರೆ. "ಮಾಲು ಹೆಂಗೈತಿ ನೋಡ್ರಿ ಅಕ್ಕಾರ, ಬಂಗಾರ!" ಅಂತ ಕೆಳಗೊಂದು ಸಾಲು. ಹಣ್ಣು ಬಂಗಾರದ ಬಣ್ಣದಲ್ಲೇ ಕಾಣುತ್ತದೆ. ದುಡ್ಡು ಹಾಕಿ ತರಿಸಿಕೊಂಡು ಕೊಯ್ದರೆ ಒಳಗೆ ಬೆಳ್ಳಗೆ, ಹುಳಿ ಹುಳಿ.

ಹಾಗಂತ ಫೋಟೊ ನೋಡಿ ಏನೂ ತಿಳಿಯುವುದಿಲ್ಲ ಅಂತಲ್ಲ. ಸಾಕಷ್ಟು ತಿಳಿಯುತ್ತದೆ. ನಾವು ಮೊದಲು ಬಣ್ಣ ನೋಡಿ ಅಲ್ಲೇ ನಿಂತುಬಿಡುತ್ತೇವೆ, ತೊಂದರೆ ಇರುವುದು ಅಲ್ಲಿ.

ಫೋಟೊ ಮುಂದೆ ಎರಡು ಪ್ರಶ್ನೆ ಇಟ್ಟುಕೊಳ್ಳಬೇಕು. ಕಾಯಿ ಬಲಿತಿದೆಯಾ? ಹಣ್ಣಾಗಿದೆಯಾ? ಎರಡೂ ಒಂದೇ ಅಲ್ಲ. ಬಲಿಯುವುದು ಮರದ ಮೇಲಿನ ಕೆಲಸ. ಹೂ ಉದುರಿ ಕಾಯಿ ಕಚ್ಚಿದ ಮೇಲೆ ಆಪೂಸಿಗೆ ಸುಮಾರು 4 ತಿಂಗಳು ಬೇಕು. ಆ ಹೊತ್ತಿನಲ್ಲಿ ಮರದಿಂದ ಇಳಿದ ಸಕ್ಕರೆ ಕಾಯಿಯೊಳಗೆ ಪಿಷ್ಟವಾಗಿ ತುಂಬಿಕೊಳ್ಳುತ್ತದೆ. ಹಣ್ಣಾಗುವುದು ಕಿತ್ತ ಮೇಲೂ ನಡೆಯುತ್ತದೆ. ತುಂಬಿಟ್ಟ ಪಿಷ್ಟವೇ ಆಗ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಸಿಪ್ಪೆಯ ಹಸಿರು ಕರಗಿ ಹಳದಿ ಮೇಲೆ ಬರುತ್ತದೆ. ಎಳೆಯ ಕಾಯಿಯನ್ನು ಕಿತ್ತರೆ ಒಳಗೆ ಪಿಷ್ಟವೇ ಕಡಿಮೆ. ಹುಲ್ಲಿನಲ್ಲಿ ಮುಚ್ಚಿಟ್ಟರೂ ಸೈ, ಗ್ಯಾಸ್ ಕೊಟ್ಟರೂ ಸೈ, ಸಿಪ್ಪೆ ಹಳದಿ ಆಗಬಹುದು, ಸಿಹಿ ಮಾತ್ರ ಬರುವುದಿಲ್ಲ. ಇಲ್ಲದ ಪಿಷ್ಟ ಎಲ್ಲಿಂದ ಸಕ್ಕರೆಯಾಗಬೇಕು?

ಬಣ್ಣ ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ, ಅದೂ ಅರ್ಧಂಬರ್ಧ. ಮೊದಲನೆಯದಕ್ಕೆ ಉತ್ತರ ಇರುವುದು ಹೆಗಲಿನಲ್ಲಿ, ಅಂದರೆ ತೊಟ್ಟಿನ ಎರಡೂ ಬದಿಗೆ ಕಾಯಿ ಉಬ್ಬಿಕೊಂಡಿರುವ ಜಾಗದಲ್ಲಿ.

ಎಳೆ ಕಾಯಿಯಲ್ಲಿ ತೊಟ್ಟು ಎಲ್ಲಕ್ಕಿಂತ ಮೇಲಿರುತ್ತದೆ. ಅಲ್ಲಿಂದ ಎರಡೂ ಕಡೆ ಇಳಿಜಾರು. ಕಾಯಿ ಬಲಿಯುತ್ತ ಹೋದಂತೆ ಹೆಗಲು ತುಂಬಿಕೊಂಡು ಮೇಲೇಳುತ್ತದೆ, ಒಂದು ಹಂತದಲ್ಲಿ ತೊಟ್ಟು ಕೂತ ಜಾಗಕ್ಕೆ ಸಮ ಬರುತ್ತದೆ. ಇನ್ನೂ ಬಲಿತರೆ ಹೆಗಲು ತೊಟ್ಟನ್ನೂ ದಾಟಿ ಮೇಲೆ ಹೋಗುತ್ತದೆ, ತೊಟ್ಟಿನ ಬುಡ ಒಂದು ಸಣ್ಣ ಗುಳಿಯಲ್ಲಿ ಕೂರುತ್ತದೆ. ಚಳಿಗೆ ಹೆಗಲೇರಿಸಿ ಕುತ್ತಿಗೆ ಒಳಗೆಳೆದುಕೊಂಡ ಮನುಷ್ಯನ ಹಾಗೆ. ಜೊತೆಗೆ ಕೆನ್ನೆಗಳೂ ಉಬ್ಬುತ್ತವೆ. ಎಳೆಯದು ಬದಿಯಿಂದ ಚಪ್ಪಟೆಯಾಗಿರುತ್ತದೆ, ಬಲಿತದ್ದು ದುಂಡಗೆ ತುಂಬಿರುತ್ತದೆ.

ಪರೀಕ್ಷೆ ಸುಲಭ. ಫೋನಿನ ಪರದೆ ಮೇಲೆ ಫೋಟೊ ತೆರೆದು, ತೊಟ್ಟು ನೆಟ್ಟಗೆ ಮೇಲೆ ಬರುವ ಹಾಗೆ ತಿರುಗಿಸಿ. ತೊಟ್ಟು ಕಾಯಿಗೆ ಸೇರುವ ಬಿಂದುವಿನಿಂದ ಅಡ್ಡಡ್ಡ ಒಂದು ಗೆರೆ ಊಹಿಸಿಕೊಳ್ಳಿ. ಊಹೆ ಕಷ್ಟ ಅನ್ನಿಸಿದರೆ ಒಂದು ಕಾಗದದ ಅಂಚನ್ನು ಪರದೆಗೆ ಹಿಡಿಯಿರಿ. ಹೆಗಲು ಗೆರೆಯ ಕೆಳಗಿದ್ದರೆ ಎಳೆಯದು. ಗೆರೆಗೆ ತಾಗಿದ್ದರೆ ಅಂಚಿನಲ್ಲಿದೆ. ಗೆರೆ ದಾಟಿದ್ದರೆ ಬಲಿತಿದೆ. ಆಪೂಸಿನಲ್ಲಿ ಒಂದು ಎಚ್ಚರ ಬೇಕು. ಅದರ ಎರಡು ಹೆಗಲು ಸಮ ಇರುವುದಿಲ್ಲ. ಒಂದು ಬದಿ ಹುಟ್ಟಾ ಅಗಲ, ಎತ್ತರ. ಆ ಎತ್ತರದ ಹೆಗಲನ್ನೇ ನೋಡಿದರೆ ಎಳೆಯದೂ ಬಲಿತಂತೆ ಕಾಣುತ್ತದೆ. ಅದಕ್ಕೇ ನಾನು ಯಾವಾಗಲೂ ತಗ್ಗಿನ ಹೆಗಲನ್ನು ನೋಡುತ್ತೇನೆ. ಅದೂ ಗೆರೆಯ ಹತ್ತಿರ ಬಂದಿದ್ದರೆ ಧೈರ್ಯ.

ಹೆಗಲಿನ ದೊಡ್ಡ ಗುಣ ಅಂದರೆ ಬೆಳಕು ಅದನ್ನು ಬದಲಿಸಲಾರದು. ಫಿಲ್ಟರ್ ಹಾಕಿದರೂ ಆಕಾರ ಆಕಾರವೇ. ಆದರೆ ಕೋನ ಬದಲಿಸುತ್ತದೆ. ಪೆಟ್ಟಿಗೆಯ ಮೇಲೆ ಬಗ್ಗಿ ತೆಗೆದ ಫೋಟೊದಲ್ಲಿ ಹೆಗಲು ಕಾಣುವುದೇ ಇಲ್ಲ, ಬರೀ ಕೆನ್ನೆ ಕಾಣುತ್ತದೆ. ಮಾರುವವರ ಫೋಟೊ ಬಹುತೇಕ ಇದೇ ಥರ. ಹಣ್ಣಿಗೆ ತೀರ ಹತ್ತಿರ ಫೋನ್ ಹಿಡಿದರೂ ತೊಂದರೆ, ಹತ್ತಿರದ ಭಾಗ ಉಬ್ಬಿದ ಹಾಗೆ, ದೂರದ ಭಾಗ ಸಣ್ಣದಾದ ಹಾಗೆ ಬರುತ್ತದೆ. ತುದಿಯ ಕಡೆಯಿಂದ ಹತ್ತಿರ ತೆಗೆದರೆ ಹೆಗಲು ಕುಸಿದಂತೆ, ತೊಟ್ಟಿನ ಕಡೆಯಿಂದ ತೆಗೆದರೆ ಹೆಗಲು ದೊಡ್ಡದಾದಂತೆ ಕಾಣುತ್ತದೆ. ಒಂದು ತೋಳಿನಷ್ಟು ದೂರ ನಿಂತು, ಎರಡರಷ್ಟು ಝೂಮ್ ಮಾಡಿ, ಫೋನನ್ನು ಹಣ್ಣಿನ ಎತ್ತರಕ್ಕೇ ಇಳಿಸಿ ತೆಗೆಯಲು ಹೇಳಿ. ಇಷ್ಟು ಹೇಳಿದರೆ ತೋಟದವರು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಇಲ್ಲ ಅಂದರೆ ಅದೂ ಒಂದು ಉತ್ತರವೇ.

ಈ ಲೆಕ್ಕ ಆಪೂಸಿಗೆ ಹೇಳಿದ್ದು. ತೋತಾಪುರಿಗೆ ಹಚ್ಚಬೇಡಿ. ಅದು ಉದ್ದನೆಯ, ಕೊಕ್ಕಿನ ಹಣ್ಣು, ಹೆಗಲು ಅಷ್ಟು ಮಾತಾಡುವುದಿಲ್ಲ.

ಇನ್ನು ಬಣ್ಣ. ಮಾವಿನ ಸಿಪ್ಪೆಯಲ್ಲಿ ಮೂರು ಬಣ್ಣಗಳ ಕೆಲಸ ನಡೆದಿರುತ್ತದೆ. ಹಸಿರು ಕ್ಲೋರೊಫಿಲ್‌ನದ್ದು, ಹಳದಿ ಕ್ಯಾರೊಟಿನಾಯ್ಡ್‌ಗಳದ್ದು, ಕೆಂಪು ಆಂಥೋಸಯನಿನ್‌ನದ್ದು. ಇದರಲ್ಲಿ ಕೆಂಪನ್ನು ಲೆಕ್ಕಕ್ಕೇ ಹಿಡಿಯಬಾರದು. ಬಿಸಿಲು ನೇರ ಬಿದ್ದ ಕೆನ್ನೆಗೆ ಕೆಂಪು ಬರುತ್ತದೆ. ಅದು ಆ ಕಾಯಿ ಕೊಂಬೆಯ ಯಾವ ಕಡೆ ತೂಗುತ್ತಿತ್ತು ಅಂತ ಹೇಳುತ್ತದೆಯೇ ಹೊರತು ಹಣ್ಣಾಯಿತಾ ಅಂತ ಹೇಳುವುದಿಲ್ಲ. ಕೆಂಪು ಕೆನ್ನೆಯ ಕಾಯಿ ಕಲ್ಲಿನಂತಿರಬಹುದು. ಆದ್ದರಿಂದ ನೆರಳಿನ ಕೆನ್ನೆಯನ್ನು ನೋಡಬೇಕು. ಅಲ್ಲಿ ದಟ್ಟ ಹಸಿರು ತಿಳಿ ಹಸಿರಾಗಿ, ಹಸಿರು ಹಳದಿ ಬೆರೆತು, ಕೊನೆಗೆ ಹಳದಿಯಾಗುವುದೇ ಹಣ್ಣಾಗುವ ಲಕ್ಷಣ.

ಬಣ್ಣಕ್ಕೆ ಫೋಟೊದಲ್ಲಿ ಇರುವಷ್ಟು ಶತ್ರುಗಳು ಬೇರೆ ಯಾವುದಕ್ಕೂ ಇಲ್ಲ. ಸಂತೆಯಲ್ಲಿ ಹಳದಿ ಅಥವಾ ಕಿತ್ತಳೆ ತಾಡಪತ್ರಿ ಕಟ್ಟಿರುತ್ತಾರೆ. ಅದರಡಿ ಬದನೆಕಾಯಿಗೂ ಹಳದಿ ಕಳೆ ಬರುತ್ತದೆ. ಸಂಜೆ ಬಲ್ಬಿನ ಬೆಳಕು ಇನ್ನೂ ಒಂದು ಕೈ ಮುಂದೆ. ಇದರ ಮೇಲೆ ಫೋನ್ ಬೇರೆ ತನ್ನ ಲೆಕ್ಕದಲ್ಲಿ ಬಣ್ಣ ಸರಿಪಡಿಸುತ್ತದೆ. ಚೌಕಟ್ಟಿನ ತುಂಬ ಹಳದಿ ಹಣ್ಣೇ ಇದ್ದರೆ ಬೆಳಕೇ ಹಳದಿ ಅಂದುಕೊಂಡು ನೀಲಿ ಕಡೆ ಎಳೆದರೂ ಎಳೆಯಿತು.

ಇದಕ್ಕೆ ಮದ್ದು ಒಂದು ಬಿಳಿ ಕಾಗದ. ಹಣ್ಣಿನ ಪಕ್ಕ ಬಿಳಿ ಹಾಳೆ ಇಟ್ಟು, ಹಗಲು ಹೊತ್ತು, ಬಯಲಿನ ನೆರಳಿನಲ್ಲಿ ತೆಗೆದ ಫೋಟೊ ಕೇಳಿ. ಫೋಟೊದಲ್ಲಿ ಕಾಗದ ಬೆಳ್ಳಗೆ ಕಂಡರೆ ಹಣ್ಣಿನ ಬಣ್ಣ ನಂಬಬಹುದು. ಕಾಗದವೇ ಹಳದಿಯಾಗಿದ್ದರೆ ಫೋನಿನ ಎಡಿಟ್‌ನಲ್ಲಿ ಬಣ್ಣದ ಬಿಸುಪು ಅಥವಾ ವಾರ್ಮ್ತ್ ಅಂತ ಇರುತ್ತದಲ್ಲ, ಅದನ್ನು ಕಾಗದ ಬೆಳ್ಳಗಾಗುವ ತನಕ ಇಳಿಸಿ. ಆಮೇಲೆ ಹಣ್ಣನ್ನು ನೋಡಿ. ಎಷ್ಟೋ ಸಲ ಬಂಗಾರ ಹೋಗಿ ಹಸಿರು ಉಳಿಯುತ್ತದೆ.

ಬೆಳಕು ಸರಿಯಿದ್ದಾಗಲೂ ಬಣ್ಣ ಪೂರ್ತಿ ನಂಬಿಕೆಯದ್ದಲ್ಲ. ಮಾವು ಚೆನ್ನಾಗಿ ಹಣ್ಣಾಗುವುದು 20ರಿಂದ 23 ಡಿಗ್ರಿಯಲ್ಲಿ. ಮೇ ತಿಂಗಳ ವಿಜಯಪುರದಲ್ಲಿ ಅಷ್ಟು ತಂಪು ಎಲ್ಲಿ ಬರಬೇಕು? 30 ಡಿಗ್ರಿ ಆಸುಪಾಸಿನಲ್ಲಿ ಇಟ್ಟ ಹಣ್ಣಿನ ಸಿಪ್ಪೆ ಒಂದೇ ಸಮ ಬಣ್ಣಕ್ಕೆ ತಿರುಗುವುದಿಲ್ಲ, ಅಲ್ಲಲ್ಲಿ ಹಸಿರು ಮಚ್ಚೆ ಉಳಿಯುತ್ತದೆ. ಹಾಗಾಗಿ ನಮ್ಮ ಕಡೆಯ ಮನೆಯಲ್ಲಿ ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ ಕಾಯಿ ಸ್ವಲ್ಪ ಮಾಸಲಾಗಿ ಕಂಡರೆ ಹೆದರಬೇಕಿಲ್ಲ. ಪೆಟ್ಟಿಗೆಯ ಅಷ್ಟೂ ಹಣ್ಣು ಒಂದೇ ಬಣ್ಣ, ತೊಟ್ಟಿನ ಬುಡದಿಂದ ತುದಿಯ ತನಕ ಒಂದೇ ಹಳದಿ ಅಂದಾಗ ನನಗೆ ಸಂಶಯ ಬರುತ್ತದೆ. ಅದು ಎಥಿಲೀನ್ ಕೋಣೆಯಲ್ಲಿ ಮಾಗಿಸಿದ್ದೂ ಇರಬಹುದು. ಅದಕ್ಕೆ ಕಾನೂನಿನ ಅನುಮತಿ ಇದೆ, ಅದು ಹಣ್ಣು ತಾನೇ ಬಿಡುವ ಗ್ಯಾಸ್. ಕಾರ್ಬೈಡ್ ಇಟ್ಟದ್ದೂ ಇರಬಹುದು. ಅದು ನಿಷಿದ್ಧ. ಯಾವುದು ಅಂತ ಫೋಟೊ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಫೋಟೊ ಹೇಳುವುದು ಇಷ್ಟೇ: ಬಣ್ಣ ಹಳದಿ, ಹೆಗಲು ಎಳೆಯದು. ಈ ಎರಡು ಕೂಡಿ ಬಂದರೆ, ಏನು ಹಾಕಿ ಮಾಗಿಸಿದರು ಅನ್ನುವುದು ಬೇಡವೇ ಬೇಡ, ಆ ಹಣ್ಣು ಬಿಡಿ.

ಮೂರನೆಯದು ಚುಕ್ಕೆ. ಜನ ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಒಳ್ಳೆಯ ಚುಕ್ಕೆ ನೋಡಿ ಹಣ್ಣು ಬಿಡುತ್ತಾರೆ, ಕೆಟ್ಟ ಚುಕ್ಕೆ ನೋಡಿ "ಅದೇನು ಮಹಾ, ಸಿಪ್ಪೆ ಮೇಲಿಂದು" ಅನ್ನುತ್ತಾರೆ.

ಬಲಿತ ಕಾಯಿಯ ಸಿಪ್ಪೆಯಲ್ಲಿ ಸೂಜಿ ಮೊನೆಯಷ್ಟು ತಿಳಿ ಬಣ್ಣದ ಚುಕ್ಕೆಗಳಿರುತ್ತವೆ. ಅವು ಸಿಪ್ಪೆಯ ಉಸಿರಾಟದ ರಂಧ್ರಗಳು. ಕಾಯಿ ಬಲಿತಂತೆ ಎದ್ದು ಕಾಣುತ್ತವೆ, ಸಿಪ್ಪೆಯ ಮೇಲೆ ತೆಳುವಾಗಿ ಬೂದಿ ಹಚ್ಚಿದಂಥ ಮೇಣದ ಪದರವೂ ಬರುತ್ತದೆ. ಇವೆರಡೂ ಬಲಿತ ಲಕ್ಷಣವೇ, ಹೆಗಲಿನ ಸಾಕ್ಷಿಗೆ ಬಲ ಕೊಡುತ್ತವೆ. ಕೆಲವು ಸಲ ಈ ರಂಧ್ರಗಳ ಸುತ್ತ ಕಂದು ಅಥವಾ ಕಪ್ಪು ಉಂಗುರ ಬರುತ್ತದೆ. ಅದೂ ಸಿಪ್ಪೆಗಷ್ಟೇ ಸೀಮಿತ, ತಿರುಳಿಗೆ ಏನೂ ಆಗಿರುವುದಿಲ್ಲ. ಗುರುತು ಹೇಗೆ? ಎಲ್ಲ ಚುಕ್ಕೆಯೂ ಹೆಚ್ಚುಕಮ್ಮಿ ಒಂದೇ ಅಳತೆ, ಸಮ ಅಂತರದಲ್ಲಿ, ಸಿಪ್ಪೆಗೆ ಸಮವಾಗಿ ಇರುತ್ತವೆ. ಇವನ್ನು ನೋಡಬೇಕಾದರೆ ಮಾತ್ರ ಫೋಟೊ ಸ್ಪಷ್ಟ ಇರಬೇಕು. ವಾಟ್ಸಾಪ್ ಫೋಟೊವನ್ನು ಹಿಂಡಿ ಕಳಿಸುತ್ತದೆ, ಆಗ ಸಣ್ಣ ಚುಕ್ಕೆಗಳೇ ಅಳಿಸಿಹೋಗಿ ಸಿಪ್ಪೆ ನುಣ್ಣಗೆ ಕಾಣುತ್ತದೆ. ಎಚ್‌ಡಿಯಲ್ಲಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಚಿಬ್ಬು ರೋಗದ ಚುಕ್ಕೆ ಹಾಗಲ್ಲ. ಒಂದು ಸಣ್ಣ, ಒಂದು ದೊಡ್ಡ, ಎರಡು ಮೂರು ಕೂಡಿಕೊಂಡು ಒಂದು ಮಚ್ಚೆ, ನಡುವೆ ಸ್ವಲ್ಪ ತಗ್ಗು. ಈ ಶಿಲೀಂಧ್ರ ಕಾಯಿ ಹಸಿರಿದ್ದಾಗಲೇ ಸಿಪ್ಪೆಯೊಳಗೆ ಸೇರಿ ಸುಮ್ನೆ ಕೂತಿರುತ್ತದೆ. ಹಣ್ಣಾಗತೊಡಗಿದ ಮೇಲೆ ಏಳುತ್ತದೆ. ಅದಕ್ಕೇ ತೋಟದಲ್ಲಿ ಚೊಕ್ಕಟ ಇದ್ದ ಕಾಯಿ ನಿಮ್ಮ ಮನೆಗೆ ಬಂದು ಮೂರನೇ ದಿನಕ್ಕೆ ಕಪ್ಪಾಗುತ್ತದೆ, ಮಾರಿದವರು ಸುಳ್ಳು ಹೇಳಿರುವುದಿಲ್ಲ. ಮಳೆ ನೀರು ಹರಿದ ದಾರಿಯಲ್ಲೇ ರೋಗ ಇಳಿದಿದ್ದರೆ ತೊಟ್ಟಿನಿಂದ ಕೆಳಗೆ ಕಣ್ಣೀರಿನ ಕಲೆಯಂಥ ಪಟ್ಟಿ ಕಾಣುತ್ತದೆ.

ಸೊನೆ ಸುಟ್ಟ ಕಲೆಯೂ ತೊಟ್ಟಿನ ಕಡೆಯಿಂದಲೇ ಇಳಿಯುತ್ತದೆ, ಇಲ್ಲೇ ಗೊಂದಲ. ಕೀಳುವಾಗ ತೊಟ್ಟು ಬುಡದಲ್ಲೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆಯನ್ನು ಸುಡುತ್ತದೆ. ಆ ಕಲೆ ಕಂದು, ಕೆಲವೊಮ್ಮೆ ಹೊಳಪು, ಅಂಚು ಕತ್ತರಿಸಿದ ಹಾಗೆ ಸ್ಪಷ್ಟ, ಮತ್ತು ಅದು ಬೆಳೆಯುವುದಿಲ್ಲ. ಚಿಬ್ಬು ಬೆಳೆಯುತ್ತದೆ. ಹಾಗಾಗಿ ಸಂಶಯ ಬಂದರೆ ನಾಳೆ ಅದೇ ಹಣ್ಣಿನ, ಅದೇ ಬದಿಯ ಇನ್ನೊಂದು ಫೋಟೊ ಕೇಳಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೇಳುವುದೇ ಬೇಡ. ಫೋಟೊದಲ್ಲಿ ಕಾಯಿಗೆ ಒಂದಿಷ್ಟು ತೊಟ್ಟು ಉಳಿದಿದ್ದರೆ ಕೀಳುವವರು ಕೆಲಸ ಬಲ್ಲವರು ಅಂತ ಅರ್ಥ.

ತೊಟ್ಟಿನ ಸುತ್ತ ಕಪ್ಪು ಉಂಗುರ ಹರಡುತ್ತಿದ್ದರೆ ಕಾಯುವುದೂ ಬೇಡ. ಅದು ತೊಟ್ಟಿನ ಕೊಳೆ, ಒಂದೆರಡು ದಿನದಲ್ಲಿ ಅರ್ಧ ಹಣ್ಣು ತಿನ್ನುತ್ತದೆ. ಇನ್ನು ಒಂಟಿ ಸೂಜಿ ತೂತು, ಅದರ ಸುತ್ತ ನೀರು ಕುಡಿದಂತೆ ಮೆತ್ತಗಾದ ಕಲೆ ಕಂಡರೆ ಹಣ್ಣು ನೊಣ ಮೊಟ್ಟೆ ಇಟ್ಟಿದೆ, ಒಳಗೆ ಹುಳ ಇರುತ್ತದೆ. ಮಸಿ ಬಳಿದಂಥ ಕಪ್ಪು ಮಾತ್ರ ನೋಡಲು ಅಸಹ್ಯ ಅಷ್ಟೇ. ಜಿಗಿ ಹುಳುವಿನ ಅಂಟಿನ ಮೇಲೆ ಬೆಳೆದ ಬೂಷ್ಟು ಅದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಹೋದ ಸುಗ್ಗಿಯಲ್ಲಿ ಬಾಗಲಕೋಟೆ ನವನಗರದ ನಮ್ಮ ಕಾಕಾ ಇದನ್ನೆಲ್ಲ ಒಮ್ಮೆಗೇ ಪರೀಕ್ಷೆಗೆ ಹಚ್ಚಿದರು. ಭಾನುವಾರ ಮನೆಯಲ್ಲಿ ಸೀಕರಣೆ ಊಟ, ನೆಂಟರು ಬರುವವರು. ಮಂಗಳವಾರ ಕಿತ್ತೂರು ಕಡೆಯ ತೋಟದವರೊಬ್ಬರು ಆಪೂಸಿನ ಫೋಟೊ ಕಳಿಸಿದ್ದರು. "ನೋಡವಾ, ತಗೊಳ್ಳೂಣೇನು?" ಅಂತ ಕಾಕಾ ನನಗೆ ದಾಟಿಸಿದರು. ಪೆಟ್ಟಿಗೆಯನ್ನು ಮೇಲಿಂದ ತೆಗೆದದ್ದು, ಪಕ್ಕದ ಹುಲ್ಲೂ ಬಂಗಾರ, ಪೆಟ್ಟಿಗೆಯ ರಟ್ಟೂ ಬಂಗಾರ. ತಾಡಪತ್ರಿ ಕೆಳಗಿನ ಫೋಟೊ ಅಂತ ಅದರಲ್ಲೇ ಗೊತ್ತಾಯಿತು. "ಕಾಕಾ, ಪೆಟ್ಟಿಗಿಯಿಂದ ನಾಕು ತಗದು, ಬಿಳಿ ಹಾಳಿ ಮ್ಯಾಲೆ ನಿಲ್ಲಿಸಿ, ಬದಿಯಿಂದ ತಗದು ಕಳಸ್ರಿ ಅನ್ರಿ" ಅಂದೆ. ತೋಟದವರು ಬೇಸರ ಮಾಡಿಕೊಳ್ಳದೆ ಕಳಿಸಿದರು.

ಮೊದಲನೆಯದು ತಿಳಿ ಹಸಿರು. ಕಾಕಾಗೆ ಹಿಡಿಸಲಿಲ್ಲ. ಆದರೆ ಎರಡೂ ಹೆಗಲು ಗೆರೆಯ ಮೇಲೆ, ತೊಟ್ಟು ಗುಳಿಯಲ್ಲಿ, ಚುಕ್ಕೆಗಳು ಎದ್ದು ಕಾಣುತ್ತಿದ್ದವು, ಸಿಪ್ಪೆ ಮೇಲೆ ಬೂದಿ. ಬಲಿತ ಆಪೂಸು ಕಿತ್ತ ಮೇಲೆ ಹಣ್ಣಾಗಲು ನಮ್ಮ ಕಡೆ ಸುಮಾರು ಒಂದು ವಾರ ಬೇಕು, ಒಂದೆರಡು ದಿನ ಹಿಂದೆ ಮುಂದೆ. ದಟ್ಟ ಹಸಿರು ಆಗಲೇ ತಿಳಿಯಾಗಿತ್ತು ಅಂದರೆ ಒಂದೆರಡು ದಿನ ಆಗಿಹೋಗಿದೆ. ಭಾನುವಾರಕ್ಕೆ ಸರಿಯಾಗಿ ಕೂಡುತ್ತದೆ ಅಂತ ಲೆಕ್ಕ ಹಾಕಿದೆ. ಎರಡನೆಯದು ಬಿಳಿ ಹಾಳೆಯ ಮೇಲೂ ಹಳದಿಯೇ. ಕಾಕಾಗೆ ಅದೇ ಬೇಕಿತ್ತು. ಅದರ ತಗ್ಗಿನ ಹೆಗಲು ಗೆರೆಗಿಂತ ಎಷ್ಟೋ ಕೆಳಗೆ, ಕೆನ್ನೆ ಚಪ್ಪಟೆ. ಬೇಡ ಅಂದೆ. ಮೂರನೆಯದರ ಹೆಗಲು ಚೆನ್ನಾಗಿತ್ತು, ತೊಟ್ಟಿನಿಂದ ಒಂದು ಕಂದು ಪಟ್ಟಿ ಇಳಿದಿತ್ತು. ಬುಧವಾರದ ಫೋಟೊದಲ್ಲೂ ಪಟ್ಟಿ ಅಷ್ಟೇ ಇತ್ತು, ಸೊನೆಯ ಕಲೆ, ತೆಗೆದುಕೊಳ್ಳಬಹುದು. ನಾಲ್ಕನೆಯದಕ್ಕೆ ತೊಟ್ಟಿನ ಸುತ್ತ ಕಪ್ಪು. ಬುಧವಾರಕ್ಕೆ ಆ ಕಪ್ಪು ಹೆಗಲು ದಾಟಿ ಕೆನ್ನೆಗೆ ಬಂದಿತ್ತು.

ಮೊದಲನೆಯ ಮತ್ತು ಮೂರನೆಯ ಥರದವನ್ನೇ ಆರಿಸಿ ಕಳಿಸಿ ಅಂದೆವು. "ಹಳದಿ ಬ್ಯಾಡ, ಹಸರೇ ಬೇಕು ಅನ್ನೂ ಮಂದಿ ನೀವೊಬ್ಬರೇ ನೋಡ್ರಿ" ಅಂತ ತೋಟದವರು ನಕ್ಕರಂತೆ. ಭಾನುವಾರ ಹಣ್ಣು ಹದಕ್ಕೆ ಬಂದಿದ್ದವು.

ಅದರಲ್ಲೂ ಎರಡು ಹಣ್ಣು ಕೆಟ್ಟಿದ್ದವು. ಹೊರಗೆ ಚಂದ, ಒಳಗೆ ಗೊರಟದ ಹತ್ತಿರ ಬಿಳುಚಿದ, ಸ್ಪಂಜಿನಂಥ ತಿರುಳು, ಹುಳಿ ವಾಸನೆ. ಇದು ಆಪೂಸಿನ ಜೊತೆ ಹುಟ್ಟಿದ ದೋಷ. ಸಿಪ್ಪೆ ಮೇಲೆ ಇದರ ಗುರುತು ಒಂದೂ ಇರುವುದಿಲ್ಲ, ಬಣ್ಣದಲ್ಲೂ ಇಲ್ಲ, ಹೆಗಲಿನಲ್ಲೂ ಇಲ್ಲ. ಸಾಲದ್ದಕ್ಕೆ ಮರದ ಮೇಲೆ ಜಾಸ್ತಿ ಬಲಿತ ಹಣ್ಣಿಗೇ ಇದು ಹೆಚ್ಚು. ಅಂದರೆ ಹೆಗಲು ತೀರ ಮೇಲೆದ್ದು, ತೊಟ್ಟು ಆಳದಲ್ಲಿ ಹೂತಂತೆ ಇರುವ ಹಣ್ಣನ್ನೇ ಹುಡುಕಿ ಹುಡುಕಿ ತೆಗೆದುಕೊಂಡರೆ ಈ ಅಪಾಯ ಏರುತ್ತದೆ. ಹೆಗಲು ಗೆರೆ ದಾಟಿ ಸ್ವಲ್ಪ ಮೇಲಿದ್ದರೆ ಸಾಕು.

ದೊಡ್ಡ ಖರೀದಿ ಇದ್ದರೆ ನಾನು ಇನ್ನೆರಡು ಫೋಟೊ ಕೇಳುತ್ತೇನೆ. ಒಂದು, ಬಕೆಟ್ ನೀರಿಗೆ ಹಾಕಿದ ಕಾಯಿಗಳದ್ದು. ಬಲಿತ ಆಪೂಸು ನೀರಿಗಿಂತ ಒಂದು ತೂಕ ಭಾರ, ಮುಳುಗುತ್ತದೆ. ಎಳೆಯದು ತೇಲುತ್ತದೆ. ಇನ್ನೊಂದು, ಅದೇ ರಾಶಿಯ ಒಂದು ಕಾಯಿಯನ್ನು ಗೊರಟದ ಪಕ್ಕಕ್ಕೆ ಉದ್ದಕ್ಕೆ ಕೊಯ್ದದ್ದು. ಹಸಿರು ಕಾಯಿಯೇ ಇರಲಿ, ಬಲಿತಿದ್ದರೆ ಗೊರಟದ ಸುತ್ತ ತಿರುಳು ಕೆನೆ ಬಣ್ಣ ಬಿಟ್ಟು ಹಳದಿಗೆ ತಿರುಗಿರುತ್ತದೆ, ಹಣ್ಣಾಗುವುದು ಒಳಗಿನಿಂದ ಹೊರಗೆ. ಬೆಳ್ಳಗೇ ಇದ್ದರೆ ಮಾಲು ಎಳೆಯದು. ಕೊಯ್ದ ಆ ಒಂದು ಕಾಯಿಯ ದುಡ್ಡನ್ನು ನೀವೇ ಕೊಡುತ್ತೇನೆ ಅನ್ನಿ, ತೋಟದವರು ಕೂಡಲೇ ಚಾಕು ಹುಡುಕುತ್ತಾರೆ.